ಜಾಲತಾಣಗಳಲ್ಲಿ ಏಕರೂಪದ ವೃತ್ತಿ ಗುರುತು: ಸಾನಮಾವು ಸೀಮೆಯ ಹೆಸರುಗಳ ಹಿನ್ನೆಲೆಯಲ್ಲಿ

ಒಬ್ಬ ವ್ಯಕ್ತಿಯ ಹೆಸರನ್ನು ಯಾರಾದರೂ ಗೂಗಲ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಹುಡುಕಿದಾಗ ಬೇರೆ ಬೇರೆ ತಾಣಗಳಲ್ಲಿರುವ ಅವನ ಖಾತೆಗಳೆಲ್ಲ ಒಬ್ಬನದೇ ಎಂದು ನೋಡಿದ ಕೂಡಲೆ ತಿಳಿಯಬೇಕು. ಅದಕ್ಕಾಗಿ ಬಳಕೆದಾರ ಹೆಸರು, ಪರಿಚಯದ ಸಾಲು, ಭಾವಚಿತ್ರ ಇವು ಮೂರನ್ನೂ ಎಲ್ಲೆಡೆ ಒಂದೇ ರೀತಿಯಲ್ಲಿ ಇಡುವ ಕ್ರಮಕ್ಕೆ ಏಕರೂಪದ ವೃತ್ತಿ ಗುರುತು ಎನ್ನಬಹುದು. ಒಂದೇ ಭಾಷೆ, ಒಂದೇ ಲಿಪಿ ನಡೆಯುವ ಊರುಗಳಲ್ಲಿ ಇದು ಬಹುಮಟ್ಟಿಗೆ ಶಿಸ್ತಿನ ಪ್ರಶ್ನೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಹೊಸೂರು, ಸಾನಮಾವು ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಹೆಸರಿಗೇ ಹಲವು ರೂಪಗಳಿರುವುದರಿಂದ ಯಾವ ರೂಪವನ್ನು ಎಲ್ಲೆಡೆ ಇಡಬೇಕು ಎಂಬುದನ್ನೇ ಮೊದಲು ತೀರ್ಮಾನಿಸಬೇಕಾಗುತ್ತದೆ. ಈ ಲೇಖನ ಮುಖ್ಯವಾಗಿ ಆ ತೀರ್ಮಾನವನ್ನು ಕುರಿತದ್ದು.

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿರುವ ಸಾನಮಾವು, ಕಾಡಾನೆಗಳ ಹಿಂಡು ವರ್ಷವರ್ಷವೂ ಬಂದು ತಂಗುವ ಕಾಯ್ದಿಟ್ಟ ಅರಣ್ಯದಿಂದಾಗಿ ಹೊರಗಿನವರಿಗೆ ಪರಿಚಿತ. ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಆಡಳಿತ ತಮಿಳಿನದು, ದುಡಿಮೆ, ಓದು, ನೆಂಟಸ್ತನ ಬೆಂಗಳೂರಿನ ಕಡೆಗೂ ಚಾಚಿಕೊಂಡಿವೆ. ಹಾಗಾಗಿ ಒಬ್ಬನೇ ಮನುಷ್ಯನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಬಗೆ, ಬೆಂಗಳೂರಿನ ಕಂಪನಿಯ ಗುರುತಿನ ಚೀಟಿಯಲ್ಲಿ ಇನ್ನೊಂದು ಬಗೆ, ಮದುವೆಯ ಆಮಂತ್ರಣದಲ್ಲಿ ಮತ್ತೊಂದು ಬಗೆ ಇರುವುದು ಇಲ್ಲಿ ಯಾರಿಗೂ ಹೊಸದಲ್ಲ.

ಹೆಸರು ಕವಲೊಡೆಯುವ ಬಗೆ

ವಿವರಿಸಲು ಅನುಕೂಲವಾಗಲೆಂದು ಬಸವರಾಜ ಎಂಬ ಒಬ್ಬ ಕಲ್ಪಿತ ವ್ಯಕ್ತಿಯನ್ನು ತೆಗೆದುಕೊಳ್ಳೋಣ. ತಂದೆ ಮುನಿಯಪ್ಪ, ಊರು ಸಾನಮಾವು, ಮನೆಮಾತು ಕನ್ನಡ, ಕಸುಬು ಪಾಲಿಹೌಸ್‌ಗಳಲ್ಲಿ ಗುಲಾಬಿ ಬೆಳೆಯುವವರಿಗೆ ಸಲಹೆ ಕೊಡುವುದು. ಹೊಸೂರು ಗುಲಾಬಿಗೆ ಹೆಸರಾದ ಊರಾದ್ದರಿಂದ ಇಂಥ ಕಸುಬಿನವರು ಅಲ್ಲಿ ಅಪರೂಪವಲ್ಲ.

ತಮಿಳು ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗ ಎರಡಕ್ಕೂ ಒಂದೇ. ಓದುವವರಿಗೆ ಸಂದರ್ಭದಿಂದ ಉಚ್ಚಾರಣೆ ತಿಳಿಯುತ್ತದೆ, ತಮಿಳು ಬರಹವನ್ನು ಯಾಂತ್ರಿಕವಾಗಿ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸುವ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಹೀಗೆ Basavaraj ಎಂದಿರಬೇಕಾದದ್ದು ಕೆಲವು ಪಟ್ಟಿಗಳಲ್ಲಿ Pasavaraj ಆಗುತ್ತದೆ. ಇದು ಮೊದಲನೆಯ ಕವಲು. ಹೆಸರಿನ ಕೊನೆಯ ಸ್ವರ ಎರಡನೆಯದು: ತೆಲುಗರ ಬಾಯಲ್ಲಿ ಅವನು Basavaraju, ಕನ್ನಡದ ಬರಹಕ್ಕೆ ನಿಷ್ಠವಾಗಿ ಬರೆದರೆ Basavaraja, ರೂಢಿಯಲ್ಲಿ Basavaraj.

ಮೂರನೆಯದು ಇನಿಷಿಯಲ್, ಎಲ್ಲಕ್ಕಿಂತ ಹೆಚ್ಚು ತೊಡಕು ತರುವುದು ಇದೇ. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರವನ್ನು ಮುಂದೆ ಹಾಕುವುದು ರೂಢಿ: M. Basavaraj. ಬೆಂಗಳೂರಿನ ಕಾಲೇಜು, ಕಂಪನಿಗಳ ಪಟ್ಟಿಯಲ್ಲಿ ಅದು ಹೆಸರಿನ ಹಿಂದಕ್ಕೆ ಹೋಗಿ Basavaraj M ಆಗುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದು Basavaraj Muniyappa ಎಂದಾಗುತ್ತದೆ. ಲಿಂಕ್ಡ್‌ಇನ್‌ನಂಥ ತಾಣ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಕೊಟ್ಟು ಎರಡನ್ನೂ ತುಂಬಿಸಿಯೇ ಮುಂದಕ್ಕೆ ಬಿಡುತ್ತದೆ. ಇನಿಷಿಯಲ್‌ನ ಊರಿನಿಂದ ಬಂದವನು ಆ ದಿನ ತೋಚಿದಂತೆ ತುಂಬುತ್ತಾನೆ. ಮುಂದಿನ ತಾಣದಲ್ಲಿ ಇನ್ನೊಂದು ರೀತಿ ತೋಚುತ್ತದೆ. ಮೂರು ಕವಲೂ ಸೇರಿದಾಗ ಒಬ್ಬನೇ ಮನುಷ್ಯ ಐದಾರು ಜನರಾಗಿ ಕಾಣಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಊರ ಹೆಸರಿಗೂ ಇದೇ ಪಾಡು. ಕನ್ನಡದಲ್ಲಿ ಹೊಸೂರು, ತಮಿಳಿನಲ್ಲಿ ಓಸೂರ್, ಇಂಗ್ಲಿಷಿನಲ್ಲಿ Hosur. ಸಾನಮಾವನ್ನು Sanamavu ಎಂದೂ Saanamaavu ಎಂದೂ ಬರೆಯಬಹುದು. ಸರ್ಕಾರಗಳೂ ಕಾಗುಣಿತವನ್ನು ಬದಲಾಯಿಸಿವೆ. ಕರ್ನಾಟಕದಲ್ಲಿ 2014ರ ನವೆಂಬರ್ 1ರಂದು Bangalore ಅಧಿಕೃತವಾಗಿ Bengaluru ಆಯಿತು. ತಮಿಳುನಾಡು ಸರ್ಕಾರ 2020ರ ಜೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ಊರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಣೆಗೆ ತಕ್ಕಂತೆ ಬದಲಿಸಿದ ಆದೇಶವನ್ನು ಪ್ರಕಟಿಸಿ, ಆಕ್ಷೇಪಗಳು ಬಂದ ಮೇಲೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಬೆಂಗಳೂರಿನಂಥ ದೊಡ್ಡ ಊರಿನ ಎರಡೂ ರೂಪಗಳು ಒಂದೇ ಎಂದು ಶೋಧಯಂತ್ರಗಳು ಬಲ್ಲವು. ಸಾನಮಾವಿನಂಥ ಹಳ್ಳಿಯ ವಿಷಯದಲ್ಲಿ ಆ ಭರವಸೆ ಇಟ್ಟುಕೊಳ್ಳಬಾರದು.

ಗ್ರಂಥಾಲಯಗಳು ಈ ತೊಡಕನ್ನು ಹಿಂದೆಯೇ ಬಿಡಿಸಿದ ಬಗೆ

ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರಿ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದವರು, ಬರಹಗಾರರು. ಅವರನ್ನು ಒಂದು ಕಡೆ ಸಿ. ರಾಜಗೋಪಾಲಾಚಾರಿ ಎನ್ನುತ್ತಾರೆ, ಇನ್ನೊಂದು ಕಡೆ ರಾಜಾಜಿ, ಮತ್ತೊಂದು ಕಡೆ ಸಿ.ಆರ್.; ಹಳೆಯ ಬರಹಗಳಲ್ಲಿ ರಾಜಗೋಪಾಲಾಚಾರಿಯಾರ್ ಎಂಬ ಗೌರವದ ರೂಪವೂ ಸಿಗುತ್ತದೆ. ಆದರೂ ಒಂದು ಒಳ್ಳೆಯ ಗ್ರಂಥಾಲಯದ ಸೂಚಿಯಲ್ಲಿ ಯಾವ ರೂಪದಿಂದ ಹುಡುಕಿದರೂ ಅವರ ಪುಸ್ತಕಗಳೆಲ್ಲ ಒಂದೆಡೆ ಬರುತ್ತವೆ. ಕಾರಣ, ಸೂಚಿಕಾರರು ಒಂದು ರೂಪವನ್ನು ಅಂಗೀಕೃತವೆಂದು ನಿಗದಿ ಮಾಡಿ, ಉಳಿದ ರೂಪಗಳಿಂದ ಅದಕ್ಕೆ ‘ಇದನ್ನು ನೋಡಿ’ ಎಂಬ ದಾರಿ ಹಾಕುತ್ತಾರೆ. ಹೆಸರಿನ ಜೊತೆಗೆ ಹುಟ್ಟಿದ, ತೀರಿಕೊಂಡ ವರ್ಷಗಳನ್ನು ಸೇರಿಸಿ ಅದೇ ಹೆಸರಿನ ಬೇರೆಯವರಿಂದ ಬೇರ್ಪಡಿಸುತ್ತಾರೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮತ್ತು ‘ಶ್ರೀನಿವಾಸ’, ದ.ರಾ. ಬೇಂದ್ರೆ ಮತ್ತು ‘ಅಂಬಿಕಾತನಯದತ್ತ’ ಒಬ್ಬೊಬ್ಬರೇ ಎಂದು ಸೂಚಿ ಹೇಳುವುದೂ ಹೀಗೆಯೇ.

ಜಾಲತಾಣಗಳ ಏಕರೂಪತೆಯೂ ಇದೇ ಕೆಲಸ. ಒಂದು ಅಂಗೀಕೃತ ರೂಪ, ಉಳಿದ ರೂಪಗಳಿಂದ ಅದಕ್ಕೆ ದಾರಿ, ಹೆಸರಿನ ಜೊತೆ ಬೇರ್ಪಡಿಸುವ ಒಂದೆರಡು ವಿವರ. ಸಾಮಾನ್ಯ ಜನರಿಗೆ ಸೂಚಿಕಾರರು ಇಲ್ಲದ್ದರಿಂದ ಇದನ್ನು ತಾವೇ ಮಾಡಿಕೊಳ್ಳಬೇಕು. ಸಂಶೋಧಕರಿಗೆ ಮಾತ್ರ 2012ರಿಂದ ಓರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆಯ ವ್ಯವಸ್ಥೆ ಇದೆ. ಅದನ್ನು ಪಡೆದವರ ಪ್ರಬಂಧಗಳು ಹೆಸರಿನ ರೂಪ ಬದಲಾದರೂ ಒಟ್ಟಿಗೆ ನಿಲ್ಲುತ್ತವೆ.

ಅಂಗೀಕೃತ ರೂಪದ ಆಯ್ಕೆ

ಬಸವರಾಜನ ಮುಂದಿರುವ ರೂಪಗಳಲ್ಲಿ ಯಾವುದು ಮೇಲು? ಇನಿಷಿಯಲ್ ಇರುವ ರೂಪ ಊರಿನಲ್ಲಿ ಸಹಜ, ಹುಡುಕಾಟದಲ್ಲಿ ದುರ್ಬಲ. ಒಂಟಿ ಅಕ್ಷರಕ್ಕೆ ಶೋಧಯಂತ್ರ ಕೊಡುವ ಬೆಲೆ ಕಡಿಮೆ. M ಹಿಂದಿದ್ದರೂ ಮುಂದಿದ್ದರೂ ಹೆಚ್ಚುಕಡಿಮೆ ಅದೇ ಫಲಿತಾಂಶ, ಅದೂ ಸಾವಿರಾರು ಬಸವರಾಜರ ನಡುವೆ. ತಂದೆಯ ಹೆಸರನ್ನು ಪೂರ್ತಿ ಬಿಡಿಸಿ Basavaraj Muniyappa ಎಂದು ಬರೆದರೆ ಎರಡು ಖಾನೆಗಳ ತೊಡಕು ತೀರುತ್ತದೆ, ಪಾಸ್‌ಪೋರ್ಟಿನ ಹೆಸರಿಗೂ ಹೊಂದುತ್ತದೆ, ಅದೇ ಜೋಡಿ ಹೆಸರಿನವರು ತೀರ ಕಡಿಮೆಯಾಗುತ್ತಾರೆ. ಈ ಸೀಮೆಯವರಿಗೆ ಬಿಡಿಸಿ ಬರೆದ ರೂಪವೇ ಒಳ್ಳೆಯದೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ತೀರ್ಮಾನಕ್ಕೆ ಮೊದಲು ಪರೀಕ್ಷೆ ಅಗತ್ಯ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಅಂದರೆ ತನ್ನ ಹಿಂದಿನ ಹುಡುಕಾಟಗಳ ಪ್ರಭಾವ ಇಲ್ಲದ ಕಡೆ, ಪ್ರತಿಯೊಂದು ರೂಪವನ್ನೂ ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಬೇಕು; ಒಮ್ಮೆ ಹೆಸರು ಮಾತ್ರ, ಒಮ್ಮೆ ಹೆಸರಿನ ಜೊತೆ Hosur ಸೇರಿಸಿ. ಅದೇ ಹೆಸರಿನ ಪ್ರಸಿದ್ಧ ವ್ಯಕ್ತಿಯೊಬ್ಬರು ಮೊದಲ ಪುಟವನ್ನೆಲ್ಲ ಆವರಿಸಿಕೊಂಡಿದ್ದರೆ ಎಷ್ಟು ಶಿಸ್ತಾಗಿ ಖಾತೆ ನಡೆಸಿದರೂ ಹೆಸರೊಂದರಿಂದಲೇ ಮೇಲೆ ಬರುವುದು ಕಷ್ಟ. ಆಗ ಕಸುಬು ಅಥವಾ ಊರನ್ನು ಹೆಸರಿನ ಪಕ್ಕದಲ್ಲೇ ಎಲ್ಲೆಡೆ ಅಂಟಿಸುವುದೊಂದೇ ದಾರಿ.

ಬಳಕೆದಾರ ಹೆಸರು

ತೋರಿಕೆಯ ಹೆಸರಿನಲ್ಲಿ ಖಾಲಿ ಜಾಗ, ಕನ್ನಡ ಅಕ್ಷರ ಎಲ್ಲ ನಡೆಯುತ್ತದೆ. ಕೊಂಡಿಯಲ್ಲಿ ಕಾಣುವ ಬಳಕೆದಾರ ಹೆಸರಿಗೆ ಒಂದೊಂದು ತಾಣದಲ್ಲಿ ಒಂದೊಂದು ಕಟ್ಟಳೆ. ಎಕ್ಸ್ ತಾಣದಲ್ಲಿ ಹೆಚ್ಚೆಂದರೆ 15 ಅಕ್ಷರ, ಚಿಹ್ನೆಗಳಲ್ಲಿ ಅಡಿಗೆರೆ ಮಾತ್ರ. ಇನ್‌ಸ್ಟಾಗ್ರಾಮ್‌ನಲ್ಲಿ 30 ಅಕ್ಷರ, ಅಡಿಗೆರೆ ಮತ್ತು ಚುಕ್ಕಿ ನಡೆಯುತ್ತವೆ. ಫೇಸ್‌ಬುಕ್ ಚುಕ್ಕಿಯನ್ನು ಒಪ್ಪುತ್ತದೆ, ಅಡಿಗೆರೆಯನ್ನು ಒಪ್ಪುವುದಿಲ್ಲ. ಗಿಟ್‌ಹಬ್ ಚುಕ್ಕಿ, ಅಡಿಗೆರೆ ಎರಡನ್ನೂ ತಳ್ಳಿ ನಡುಗೆರೆಯನ್ನು ಮಾತ್ರ ಬಿಟ್ಟುಕೊಳ್ಳುತ್ತದೆ. ಫೇಸ್‌ಬುಕ್, ಟೆಲಿಗ್ರಾಂಗಳಲ್ಲಿ ಕನಿಷ್ಠ 5 ಅಕ್ಷರ ಬೇಕು, ಜಿಮೇಲ್ ವಿಳಾಸಕ್ಕೆ 6. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಎಲ್ಲೆಡೆ ಸಲ್ಲುವ ರೂಪ ಒಂದೇ ಬಗೆಯದು: ಸಣ್ಣ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಮಾತ್ರ, ಉದ್ದ 6ರಿಂದ 15.

ಈ ಅಳತೆಯಲ್ಲಿ ನೋಡಿದರೆ basavarajmuniyappa 18 ಅಕ್ಷರ, ಎಕ್ಸ್‌ನಲ್ಲಿ ಹಿಡಿಸುವುದಿಲ್ಲ. basavarajsanamavu 17, ಅದೂ ಇಲ್ಲ. basavarajhosur 14, ಹಿಡಿಸುತ್ತದೆ. ಆದರೆ ಅವನು ನಾಳೆ ಊಟಿಗೋ ದೊಡ್ಡಬಳ್ಳಾಪುರಕ್ಕೋ ಹೋಗಿ ನೆಲೆಸಿದರೆ ಹೆಸರು ಸುಳ್ಳಾಗುತ್ತದೆ. ಕಸುಬನ್ನು ಸೇರಿಸಿದರೂ ಅದೇ ಅಪಾಯ, ಗುಲಾಬಿ ಬಿಟ್ಟು ದಪ್ಪ ಮೆಣಸಿನಕಾಯಿಗೆ ಬಂದವರು ಎಷ್ಟೋ ಜನ. ತಂದೆಯ ಹೆಸರು ಬದಲಾಗುವುದಿಲ್ಲವಾದ್ದರಿಂದ basavarajmuni, 13 ಅಕ್ಷರ, ಇಲ್ಲಿ ಸರಿಯಾದ ಆಯ್ಕೆ. ಒಂದು ತಾಣದಲ್ಲಿ ಅದು ಬೇರೆಯವರ ಪಾಲಾಗಿದ್ದರೆ ಅಲ್ಲಿ ಮಾತ್ರ ಒಂದು ಅಡಿಗೆರೆಯನ್ನೋ 1 ಎಂಬ ಅಂಕಿಯನ್ನೋ ಸೇರಿಸಿ ಸುಮ್ಮನಾಗಬಾರದು; ಎಲ್ಲೆಡೆ ಖಾಲಿ ಇರುವ ಬೇರೊಂದು ರೂಪವನ್ನು ಹುಡುಕಬೇಕು. ಚುಕ್ಕಿಯಷ್ಟೇ ವ್ಯತ್ಯಾಸವಿರುವ ಎರಡು ಖಾತೆಗಳಲ್ಲಿ ಅಸಲು ಯಾವುದು ಎಂದು ನೋಡುವವರಿಗೆ ತಿಳಿಯುವುದಿಲ್ಲ, ನಕಲಿ ಖಾತೆ ತೆರೆಯುವವರು ಹಿಡಿಯುವುದೂ ಈ ಜಾಡನ್ನೇ.

ಈಗಾಗಲೇ ಬೇರೆ ಬೇರೆ ಹೆಸರುಗಳಲ್ಲಿ ಖಾತೆ ಇರುವವರು ಬದಲಾವಣೆಗೆ ಕೈ ಹಾಕುವ ಮೊದಲು ಹಳೆಯ ಕೊಂಡಿಗಳು ಎಲ್ಲೆಲ್ಲಿ ಹರಡಿವೆ ಎಂದು ಪಟ್ಟಿ ಮಾಡಬೇಕು. ಎಕ್ಸ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಹೆಸರು ಬದಲಿಸಿದರೆ ಹಳೆಯ ಕೊಂಡಿ ಹೊಸದಕ್ಕೆ ಕರೆದೊಯ್ಯುತ್ತದೆ ಎಂದು ನಂಬಿ ಕೂರುವಂತಿಲ್ಲ, ಬಿಟ್ಟ ಹೆಸರನ್ನು ಬೇರೆಯವರು ತೆಗೆದುಕೊಳ್ಳಲೂಬಹುದು. ಗಿಟ್‌ಹಬ್ ಯೋಜನೆಗಳ ಕೊಂಡಿಗಳನ್ನು ಹೊಸ ಹೆಸರಿನ ಕಡೆ ತಿರುಗಿಸುತ್ತದೆ, ಪರಿಚಯ ಪುಟದ ಕೊಂಡಿಯನ್ನು ತಿರುಗಿಸುವುದಿಲ್ಲ. ಅತ್ಯಂತ ಹೆಚ್ಚು ಪೆಟ್ಟು ಬೀಳುವುದು ಮುದ್ರಿತ ವಸ್ತುಗಳಿಗೆ. ವಿಸಿಟಿಂಗ್ ಕಾರ್ಡ್, ಗಾಡಿಯ ಮೇಲಿನ ಸ್ಟಿಕ್ಕರ್, ನರ್ಸರಿಯ ಬೋರ್ಡುಗಳ ಮೇಲಿರುವ ಕ್ಯೂಆರ್ ಸಂಕೇತದ ಒಳಗಿರುವುದು ಹಳೆಯ ಬಳಕೆದಾರ ಹೆಸರಿನ ಕೊಂಡಿಯೇ. ಖಾತೆಯ ಹೆಸರು ಬದಲಾದ ದಿನ ಅವೆಲ್ಲ ಸತ್ತುಹೋಗುತ್ತವೆ. ಆದ್ದರಿಂದ ಮುದ್ರಿಸುವ ಸಂಕೇತ ಯಾವ ತಾಣಕ್ಕೂ ನೇರವಾಗಿ ಹೋಗದೆ, ಸ್ವಂತ ವಿಳಾಸದ ಒಂದು ಪುಟಕ್ಕೆ ಹೋಗುವಂತಿರಬೇಕು.

ಪರಿಚಯದ ಸಾಲು

ಪರಿಚಯ ಎಲ್ಲ ತಾಣದಲ್ಲೂ ಅಕ್ಷರಶಃ ಒಂದೇ ಇರಬೇಕಿಲ್ಲ. ಇನ್‌ಸ್ಟಾಗ್ರಾಮ್ 150 ಅಕ್ಷರ ಕೊಡುತ್ತದೆ, ಎಕ್ಸ್ 160, ಲಿಂಕ್ಡ್‌ಇನ್‌ನ ಶೀರ್ಷಿಕೆ ಸಾಲಿಗೆ 220. ಹೆಸರು, ಕಸುಬು, ಊರು ಈ ಮೂರೂ ಇರುವ ಒಂದು ತಿರುಳಿನ ಸಾಲನ್ನು ಬರೆದಿಟ್ಟುಕೊಂಡು ಎಲ್ಲೆಡೆ ಅದನ್ನು ಹಾಗೆಯೇ ನಕಲು ಮಾಡಿ ಹಾಕಿ, ಉಳಿದದ್ದನ್ನು ತಾಣಕ್ಕೆ ತಕ್ಕಂತೆ ಸೇರಿಸಿದರೆ ಸಾಕು.

ಕನ್ನಡದಲ್ಲಿ ಬರೆಯುವವರು ಒಂದು ಲೆಕ್ಕ ತಿಳಿದಿರಬೇಕು. ಗಣಕ ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲ. ಒತ್ತು, ಗುಣಿತದ ಚಿಹ್ನೆಗಳನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಮುನಿಯಪ್ಪ ಎಂಬುದು ನಮಗೆ ನಾಲ್ಕು ಅಕ್ಷರ, ಗಣಕಕ್ಕೆ ಎಂಟು. ಹಾಗಿದ್ದರೂ ಜಾಗ ಸಾಲದೆಂದು ಹೆದರಬೇಕಿಲ್ಲ. ಬಸವರಾಜನ ಸಾಲು ಎರಡು ಭಾಷೆಯಲ್ಲಿ ಹೀಗಿರಬಹುದು:

ಬಸವರಾಜ ಮುನಿಯಪ್ಪ. ಪಾಲಿಹೌಸ್ ಗುಲಾಬಿ ಬೇಸಾಯದ ಸಲಹೆಗಾರ. ಸಾನಮಾವು, ಹೊಸೂರು.

Basavaraj Muniyappa. Polyhouse rose consultant. Sanamavu, Hosur.

ಗಣಕದ ಎಣಿಕೆಯಲ್ಲಿ ಕನ್ನಡದ್ದು 65, ಇಂಗ್ಲಿಷಿನದು 64. ನಡುವಿನ ಸಾಲು ಬದಲಾವಣೆ ಸೇರಿ 130. ಇನ್‌ಸ್ಟಾಗ್ರಾಮ್‌ನ ಚಿಕ್ಕ ಜಾಗದಲ್ಲಿಯೂ ಎರಡೂ ಹಿಡಿಸಿ 20 ಉಳಿಯುತ್ತವೆ. ಎರಡು ಲಿಪಿಯಲ್ಲಿ ಇರುವುದರಿಂದ ಬಾಗಲೂರಿನ ರೈತ ಕನ್ನಡದಲ್ಲಿ ಹುಡುಕಿದರೂ ಪುಣೆಯ ಪಾಲಿಹೌಸ್ ಕಂಪನಿಯವರು ಇಂಗ್ಲಿಷಿನಲ್ಲಿ ಹುಡುಕಿದರೂ ಅದೇ ಖಾತೆ ಸಿಗುವ ಸಾಧ್ಯತೆ ಇರುತ್ತದೆ. ಗಿರಾಕಿಗಳಲ್ಲಿ ತಮಿಳರೇ ಹೆಚ್ಚಾಗಿದ್ದರೆ ತಮಿಳಿನ ಸಾಲನ್ನು 220 ಅಕ್ಷರದ ಜಾಗದಲ್ಲಿ ಸೇರಿಸಬಹುದು, ಸ್ವಂತ ಪುಟದಲ್ಲಂತೂ ಸೇರಿಸಲೇಬೇಕು.

ಕನ್ನಡ ಬರಹದಲ್ಲಿ ಕಣ್ಣಿಗೆ ಬೀಳದ ಒಂದು ದೋಷ ಬಹಳ ಸಾಮಾನ್ಯ. ಸೊನ್ನೆ, ಅಂದರೆ ಅನುಸ್ವಾರ, ಒತ್ತುವಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವುದು. ವೆಂಕಟೇಶ ಮತ್ತು ವೆ೦ಕಟೇಶ ಎರಡೂ ಓದುವವರಿಗೆ ಒಂದೇ, ಗಣಕಕ್ಕೆ ಎರಡು ಬೇರೆ ಪದಗಳು. ಹೆಸರಿನಲ್ಲಿ ಸೊನ್ನೆ ಇರುವವರು ತಮ್ಮ ಪುಟವನ್ನು ತೆರೆದು, ಪುಟದಲ್ಲಿ ಹುಡುಕುವ ಸೌಲಭ್ಯದಲ್ಲಿ ಹೆಸರನ್ನು ಹೊಸದಾಗಿ ಸರಿಯಾಗಿ ಟೈಪ್ ಮಾಡಿ ನೋಡಬೇಕು. ಕಣ್ಣೆದುರಿಗೇ ಇರುವ ಹೆಸರು ಸಿಗಲಿಲ್ಲ ಎಂದು ಬಂದರೆ ಅಲ್ಲಿರುವುದು ಅಂಕಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ, ಯುನಿಕೋಡ್ ಅಲ್ಲದ ರೀತಿಯಲ್ಲಿ ಸಿದ್ಧಪಡಿಸಿದ ಪರಿಚಯವನ್ನು ಅಂಟಿಸಿದರೆ ಇನ್ನೂ ಕೆಡುಕು: ಅದು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲಾಗಿ ಕಾಣುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು.

ಭಾವಚಿತ್ರ

ಹೆಸರು ಸಾಮಾನ್ಯವಾದಷ್ಟೂ ಮುಖವೇ ಬೇರ್ಪಡಿಸುವ ಗುರುತು. ಒಂದೇ ಚಿತ್ರವನ್ನು ಚೌಕಾಕಾರಕ್ಕೆ ಕತ್ತರಿಸಿ, ಕನಿಷ್ಠ 800 ಚುಕ್ಕಿ ಅಗಲ, 800 ಚುಕ್ಕಿ ಎತ್ತರದ ಒಂದು ಮೂಲಪ್ರತಿ ಇಟ್ಟುಕೊಂಡರೆ ಎಲ್ಲ ತಾಣಕ್ಕೂ ಆಗುತ್ತದೆ. ಯೂಟ್ಯೂಬ್ ಕೇಳುವುದು ಅಷ್ಟನ್ನು, ಎಕ್ಸ್, ಲಿಂಕ್ಡ್‌ಇನ್‌ಗಳಿಗೆ 400 ಸಾಕು. ಬಹುತೇಕ ತಾಣಗಳು ಅದನ್ನು ವೃತ್ತವಾಗಿ ತೋರಿಸುವುದರಿಂದ ನಾಲ್ಕೂ ಮೂಲೆಗಳು ಹೋಗುತ್ತವೆ. ತಲೆ, ಭುಜ ವೃತ್ತದೊಳಗೆ ಬರುವಂತೆ ಇರಬೇಕು. ಗುಲಾಬಿ ಸಾಲಿನ ನಡುವೆ ದೂರ ನಿಂತು ತೆಗೆಸಿಕೊಂಡ ಚಿತ್ರ ಹುಡುಕಾಟದ ಪಟ್ಟಿಯಲ್ಲಿ ಉಗುರಿನಷ್ಟಾದಾಗ ಹಸಿರು ಮಸುಕಾಗಿ ಮಾತ್ರ ಉಳಿಯುತ್ತದೆ. ಅದನ್ನು ಹಿನ್ನೆಲೆಯ ಅಗಲ ಚಿತ್ರವಾಗಿ ಬಳಸಬಹುದು. ಆದರೆ ಎಕ್ಸ್‌ನ ಅಗಲ ಚಿತ್ರ 1500ಕ್ಕೆ 500, ಲಿಂಕ್ಡ್‌ಇನ್‌ನದು 1584ಕ್ಕೆ 396 ಅಳತೆಯದು, ಎರಡರಲ್ಲೂ ಭಾವಚಿತ್ರ ಎಡಬದಿಯ ಕೆಳಭಾಗವನ್ನು ಮುಚ್ಚುತ್ತದೆ. ಬರಹ ಇದ್ದರೆ ಬಲಕ್ಕಿಡಬೇಕು. ಚಿತ್ರ ಬದಲಿಸುವಾಗ ಎಲ್ಲ ತಾಣಗಳಲ್ಲೂ ಒಂದೇ ದಿನ ಬದಲಿಸುವುದು ಮೇಲು. ಶೋಧಯಂತ್ರದ ಪಟ್ಟಿಯಲ್ಲಿ ಹಳೆಯ ಚಿತ್ರ ಕೆಲವು ಕಾಲ ಉಳಿದುಕೊಂಡಿರುತ್ತದೆ, ಅದು ದೋಷವಲ್ಲ.

ಖಾತೆಗಳನ್ನು ಹೆಣೆಯುವುದು

ಹೆಸರು, ಚಿತ್ರ ಒಂದೇ ಆದ ಮಾತ್ರಕ್ಕೆ ಒಬ್ಬನೇ ಎಂಬುದು ಸಿದ್ಧವಾಗುವುದಿಲ್ಲ. ನಕಲಿಯವರೂ ಅವನ್ನೇ ಎತ್ತಿಕೊಳ್ಳುತ್ತಾರೆ. ಸ್ವಂತ ಪುಟ ಪ್ರತಿ ಖಾತೆಯ ಕಡೆಗೆ ಕೈ ತೋರಿಸಬೇಕು, ಪ್ರತಿ ಖಾತೆಯೂ ಆ ಪುಟದ ಕಡೆಗೆ ತೋರಿಸಬೇಕು. ಈ ಎರಡು ದಿಕ್ಕಿನ ಕೊಂಡಿಯನ್ನು ನಕಲಿಯವನು ಕಟ್ಟಲಾರ, ಏಕೆಂದರೆ ಪುಟ ಅವನ ಕೈಯಲ್ಲಿಲ್ಲ. ಗ್ರಂಥಸೂಚಿಯ ‘ಇದನ್ನು ನೋಡಿ’ ಎಂಬುದಕ್ಕೆ ಸಮನಾದ ಸೌಲಭ್ಯವೂ ಪುಟದಲ್ಲಿ ಇದೆ. ಹೆಸರಿನ ಇತರ ರೂಪಗಳನ್ನೂ ಖಾತೆಗಳ ಕೊಂಡಿಗಳನ್ನೂ ಶೋಧಯಂತ್ರ ಓದಬಲ್ಲ ರೀತಿಯಲ್ಲಿ ಹೀಗೆ ಬರೆದಿಡಬಹುದು:

```html
<script type="application/ld+json">
{
 "@context": "https://schema.org",
 "@type": "Person",
 "name": "Basavaraj Muniyappa",
 "alternateName": ["ಬಸವರಾಜ ಮುನಿಯಪ್ಪ", "M. Basavaraj"],
 "url": "https://example.com",
 "sameAs": ["https://x.com/basavarajmuni"]
}
</script>
```

ವಿಳಾಸ, ಬಳಕೆದಾರ ಹೆಸರು ಇಲ್ಲಿ ಮಾದರಿಗೆ ಮಾತ್ರ. sameAs ಸಾಲಿನಲ್ಲಿ ತನ್ನ ಎಲ್ಲ ವೃತ್ತಿ ಖಾತೆಗಳನ್ನೂ ಒಂದರ ನಂತರ ಒಂದು ಬರೆಯಬೇಕು. ಶೋಧಯಂತ್ರ ಇದನ್ನು ಸೂಚನೆಯಾಗಿ ತೆಗೆದುಕೊಳ್ಳುತ್ತದೆ, ಒಪ್ಪಿಯೇ ತೀರಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ.

ಎಲ್ಲಿ ಏಕರೂಪತೆ ಬೇಡ

ಮನೆಯವರ ಚಿತ್ರ, ಊರ ಜಾತ್ರೆ, ಗೆಳೆಯರ ಹರಟೆಗಳಿಗೆ ಬೇರೆ ಖಾತೆ ಇಟ್ಟುಕೊಳ್ಳುವವರು ಮೇಲಿನದೆಲ್ಲವನ್ನೂ ತಿರುಗುಮುರುಗಾಗಿ ಮಾಡಬೇಕು: ಬೇರೆ ಹೆಸರು, ಬೇರೆ ಚಿತ್ರ, ಕೊಂಡಿ ಇಲ್ಲ. ಅಪರಿಚಿತರ ಕಾಟಕ್ಕೆ ಹೆಚ್ಚು ಗುರಿಯಾಗುವ ಹೆಣ್ಣುಮಕ್ಕಳಿಗೆ ಈ ಬೇರ್ಪಡಿಕೆ ಬಹಳ ಮುಖ್ಯ. ಇಲ್ಲಿ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಮೊಬೈಲ್ ನಂಬರಿನಿಂದ. ಎರಡೂ ಖಾತೆಗೆ ಒಂದೇ ನಂಬರು ಕೊಟ್ಟಿದ್ದರೆ, ಆ ನಂಬರನ್ನು ಉಳಿಸಿಕೊಂಡಿರುವ ಗಿರಾಕಿ ತನ್ನ ಸಂಪರ್ಕ ಪಟ್ಟಿಯನ್ನು ತಾಣಕ್ಕೆ ಒಪ್ಪಿಸಿದಾಗ ಖಾಸಗಿ ಖಾತೆಯೂ ಅವನಿಗೆ ಸಲಹೆಯಾಗಿ ಕಾಣಬಹುದು. ಖಾಸಗಿ ಖಾತೆಗೆ ಬೇರೆ ನಂಬರು, ಬೇರೆ ಇಮೇಲ್ ಕೊಟ್ಟು, ಇತರರಿಗೆ ಸಲಹೆಯಾಗಿ ತೋರಿಸುವ ಆಯ್ಕೆಯನ್ನು ಆಫ್ ಮಾಡಿಡಬೇಕು.

ಸರ್ಕಾರಿ ದಾಖಲೆಯ ಹೆಸರನ್ನು ಇದಕ್ಕಾಗಿ ಬದಲಾಯಿಸಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಬದಲಾಯಿಸಲೇಬೇಕಾದರೆ ತಮಿಳುನಾಡು ರಾಜ್ಯಪತ್ರದಲ್ಲಿ ಪ್ರಕಟಣೆ ಹಾಕಿಸಿ, ಅದನ್ನು ಹಿಡಿದು ಪ್ರತಿ ಕಚೇರಿಗೂ ಅಲೆಯಬೇಕಾಗುತ್ತದೆ. ಸಾನಮಾವು, ಬಾಗಲೂರು, ತಳಿ ಸೀಮೆಯ ತಂದೆತಾಯಿಗಳು ಮಕ್ಕಳ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಗೆ ಹೋಗುವ ಮೊದಲೇ ಇಂಗ್ಲಿಷ್ ಕಾಗುಣಿತವನ್ನೂ ಇನಿಷಿಯಲ್‌ನ ಜಾಗವನ್ನೂ ಶಾಲೆಯಲ್ಲಿ ಒಮ್ಮೆ ಕೂತು ನೋಡಿ, ಆಧಾರ್ ಕಾರ್ಡಿನ ಜೊತೆ ಹೋಲಿಸಿ ಸರಿಪಡಿಸಿಕೊಳ್ಳಲಿ.